ಸಿಕ್ಕ ಗ್ರಹ, ಸಿಗದ ಗ್ರಹ

1846ರ ಸೆಪ್ಟೆಂಬರ್ 23ರಂದು ಬರ್ಲಿನ್ನಿನ ವೀಕ್ಷಣಾಲಯಕ್ಕೆ ಪ್ಯಾರಿಸ್ಸಿನಿಂದ ಒಂದು ಪತ್ರ ಬಂತು. ಬರೆದವರು ಲೆವೆರಿಯೆ ಎಂಬ ಫ್ರೆಂಚ್ ಖಗೋಳ ಗಣಿತಜ್ಞ. ಯುರೇನಸ್ ಗ್ರಹ ನ್ಯೂಟನ್ನರ ಗುರುತ್ವ ನಿಯಮ ಹೇಳಿದ ದಾರಿಯಿಂದ ತುಸು ಸರಿದು ನಡೆಯುತ್ತಿತ್ತು. ನಿಯಮ ತಪ್ಪಿರಲಾರದು, ಹಾಗಾಗಿ ಯಾರಿಗೂ ಕಾಣದ ಇನ್ನೊಂದು ಗ್ರಹ ಅದನ್ನು ಎಳೆಯುತ್ತಿರಬೇಕು ಎಂದು ಲೆವೆರಿಯೆ ಲೆಕ್ಕ ಹಾಕಿ, ಎಲ್ಲಿ ಹುಡುಕಬೇಕೆಂದು ತಿಳಿಸಿದ್ದರು. ಅಂದು ರಾತ್ರಿಯೇ ಯೋಹಾನ್ ಗಾಲೆ ದೂರದರ್ಶಕವನ್ನು ಅತ್ತ ತಿರುಗಿಸಿದರು. ಹೇಳಿದ ಜಾಗದಿಂದ ಒಂದು ಡಿಗ್ರಿಯಷ್ಟೂ ದೂರವಿಲ್ಲದಂತೆ ನೆಪ್ಚೂನ್ ಸಿಕ್ಕಿತು.

ಹದಿಮೂರು ವರ್ಷದ ಮೇಲೆ, 1859ರಲ್ಲಿ, ಅದೇ ಲೆವೆರಿಯೆ ಬುಧ ಗ್ರಹದಲ್ಲಿ ಇನ್ನೊಂದು ಗೊಂದಲ ಕಂಡರು. ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಹತ್ತಿರವಾದ ಬಿಂದು ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ವೇಗವಾಗಿ ಮುಂದಕ್ಕೆ ಜರುಗುತ್ತಿತ್ತು. ಈಗ ತಿಳಿದಿರುವಂತೆ ಆ ಹೆಚ್ಚಳ ನೂರು ವರ್ಷಕ್ಕೆ 43 ವಿಕಲೆ. ಒಂದು ಡಿಗ್ರಿ ಸರಿಯಲು ಎಂಟು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ಸಣ್ಣದನ್ನೂ ಅವರು ಬಿಡಲಿಲ್ಲ. ನಿಯಮ ಇಷ್ಟು ಕಾಲ ಸರಿಯಾಗಿಯೇ ಇದೆ, ಆದ್ದರಿಂದ ಸೂರ್ಯನ ಮಗ್ಗುಲಲ್ಲೇ ಕಾಣದ ಕಾಯವೋ ಕಾಯಗಳೋ ಇರಬೇಕು. ಆ ಗ್ರಹಕ್ಕೆ ವಲ್ಕನ್ ಎಂಬ ಹೆಸರೂ ಬಿತ್ತು, ಕಂಡೆವೆಂದವರೂ ಹುಟ್ಟಿಕೊಂಡರು. 1877ರಲ್ಲಿ ಲೆವೆರಿಯೆ ತೀರಿಕೊಂಡಾಗಲೂ ಹುಡುಕಾಟ ನಡೆದೇ ಇತ್ತು. ವಲ್ಕನ್ ಇರಲೇ ಇಲ್ಲ. ಈ ಸಲ ತಪ್ಪಿದ್ದು ನಿಯಮವೇ ಎಂಬುದು 1915ರಲ್ಲಿ ಐನ್‌ಸ್ಟೈನ್ ಬುಧನ ಲೆಕ್ಕವನ್ನು ಬೇರೆ ಸಮೀಕರಣಗಳಿಂದ ಸರಿಹೊಂದಿಸಿದಾಗ ತಿಳಿಯಿತು.

ಎರಡು ಸಲವೂ ಮನುಷ್ಯ ಒಬ್ಬನೇ, ವಾದವೂ ಒಂದೇ. ಎರಡನೆಯ ಸಲ ಅವರು ಕಡಿಮೆ ಎಚ್ಚರದಿಂದೇನೂ ಇರಲಿಲ್ಲ. ನೆಪ್ಚೂನ್ ಸಿಕ್ಕಿದ್ದರಿಂದ ನಿಯಮದ ಪರ ಸಾಕ್ಷಿ ಇನ್ನೂ ಹೆಚ್ಚಾಗಿತ್ತು. ಹಾಗಿದ್ದೂ ಒಂದು ವಾದ ಗೆದ್ದಿತು, ಇನ್ನೊಂದು ಸೋತಿತು. ಯಾವುದು ಗೆಲ್ಲುವುದೆಂದು ವಾದವನ್ನೇ ಎಷ್ಟು ತಿರುವಿ ನೋಡಿದರೂ ಮೊದಲೇ ಗೊತ್ತಾಗುವಂತಿರಲಿಲ್ಲ.

ಇದು ಒಂದು ನಿಯಮದ ಸೋಲಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ತಿದ್ದಿಕೊಂಡು ಮುಂದೆ ಹೋಗಬಹುದಿತ್ತು. ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1748ರ ಪುಸ್ತಕವೊಂದರಲ್ಲಿ ಕೇಳಿದ್ದು ಇದಕ್ಕಿಂತ ಆಳದ ಪ್ರಶ್ನೆ. ಇಲ್ಲಿಯವರೆಗೆ ಆದದ್ದೇ ಮುಂದೆಯೂ ಆಗುತ್ತದೆ ಎಂಬುದಕ್ಕೆ ಆಧಾರವೇನು? ಅದು ಬರಿಯ ತರ್ಕದಿಂದ ಸಿಗದು. ನಾಳೆ ಸೂರ್ಯ ಹುಟ್ಟುವುದಿಲ್ಲ ಎಂಬ ಮಾತು ನಂಬಲಾಗದಿದ್ದರೂ ಅದರಲ್ಲಿ ಸ್ವವಿರೋಧವಿಲ್ಲ. ತ್ರಿಕೋನಕ್ಕೆ ನಾಲ್ಕು ಬದಿ ಎಂದಂತೆ ಅದು ತನ್ನನ್ನೇ ಮುರಿದುಕೊಳ್ಳುವ ಮಾತಲ್ಲ. ಹಾಗಾದರೆ ಅನುಭವದಿಂದ ಸಿದ್ಧಪಡಿಸೋಣ: ಇದುವರೆಗಿನ ಪ್ರತಿ ನಾಳೆಯೂ ತನ್ನ ನಿನ್ನೆಯಂತೆಯೇ ಇತ್ತಲ್ಲ? ಇತ್ತು. ಆದರೆ ಅವೆಲ್ಲ ಆಗಿಹೋದ ನಾಳೆಗಳು. ಅವುಗಳ ದಾಖಲೆ ಬರಲಿರುವ ನಾಳೆಗೂ ಅನ್ವಯಿಸುತ್ತದೆ ಎನ್ನಬೇಕಾದರೆ, ಯಾವುದನ್ನು ಸಾಧಿಸಬೇಕೆಂದು ಹೊರಟೆವೋ ಅದನ್ನೇ ಮೊದಲು ಒಪ್ಪಿಕೊಂಡಿರಬೇಕು.

ಖಾತ್ರಿ ಬೇಡ, ಸಂಭವ ಸಾಕು ಎನ್ನುವವರು ಬಹಳ. ಫ್ರಾನ್ಸಿನ ಲಾಪ್ಲಾಸ್ ಐದು ಸಾವಿರ ವರ್ಷಗಳ ಇತಿಹಾಸವನ್ನು 18,26,213 ದಿನಗಳೆಂದು ಎಣಿಸಿ, ನಾಳೆ ಸೂರ್ಯ ಹುಟ್ಟುವುದರ ಪರ 18,26,214ಕ್ಕೆ ಒಂದರ ಬಾಜಿ ಕಟ್ಟಬಹುದೆಂದರು. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ಸೂತ್ರದೊಳಗೇ ಒಂದು ಷರತ್ತು ಕುಳಿತಿದೆ: ಆ ಎಲ್ಲ ದಿನಗಳೂ ನಾಳೆಯೂ ಒಂದೇ ಬದಲಾಗದ ಏರ್ಪಾಡಿಗೆ ಸೇರಿರಬೇಕು. ಅದನ್ನೇ ಅಲ್ಲವೇ ನಾವು ಕೇಳುತ್ತಿರುವುದು?

ಈ ಪ್ರಶ್ನೆಯನ್ನು ಹ್ಯೂಮ್‌ನ ಹೆಸರಿಗೇ ಬರೆದುಬಿಡುವುದು ನನಗೆ ಸರಿಕಾಣದು. ಹ್ಯೂಮ್‌ಗಿಂತ ಸುಮಾರು ನಾಲ್ಕು ಶತಮಾನ ಮೊದಲು, ವಿಜಯನಗರದ ಕಾಲದಲ್ಲಿ ಬಂದ ‘ಸರ್ವದರ್ಶನಸಂಗ್ರಹ’ದ ಮೊದಲ ಅಧ್ಯಾಯದಲ್ಲೇ ಇದು ಚಾರ್ವಾಕರ ಬಾಯಲ್ಲಿದೆ. ಗ್ರಂಥ ಮಾಧವಾಚಾರ್ಯರ ಹೆಸರಿನದು, ಅವರೇ ಶೃಂಗೇರಿಯ ವಿದ್ಯಾರಣ್ಯರು ಎಂಬುದು ಸಂಪ್ರದಾಯ. ಚಾರ್ವಾಕರು ಗುರಿಯಿಡುವುದು ‘ವ್ಯಾಪ್ತಿ’ಯ ಮೇಲೆ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯಿದೆ ಎನ್ನಲು, ಹೊಗೆ ಎಂದೂ ಎಲ್ಲೂ ಬೆಂಕಿಯನ್ನು ಬಿಟ್ಟಿರದು ಎಂಬ ನಂಟು ಗೊತ್ತಿರಬೇಕಲ್ಲ, ಅದೇ ವ್ಯಾಪ್ತಿ. ಅದು ಹೇಗೆ ಗೊತ್ತಾಯಿತು? ಕಣ್ಣು ಈ ಒಲೆಯ ಹೊಗೆಯನ್ನು ನೋಡೀತು, ಹಿಂದಿನ ಮತ್ತು ಮುಂದಿನ ಹೊಗೆಗಳನ್ನು ನೋಡಲಾರದು. ಊಹಿಸಿ ತಿಳಿದೆವು ಎಂದರೆ ಆ ಊಹೆಗೆ ಇನ್ನೊಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಹಿರಿಯರು ಹೇಳಿದರು ಎಂದರೆ ಅವರ ಮಾತನ್ನು ನಂಬಬೇಕೆಂಬುದಕ್ಕೂ ಊಹೆಯೇ ಬೇಕು.

ಇದರ ಜೊತೆಗೆ ಅವರು ‘ಉಪಾಧಿ’ಯ ಮಾತೆತ್ತುತ್ತಾರೆ, ಲೆವೆರಿಯೆಯ ಕತೆಗೆ ಬೆಳಕು ಬೀಳುವುದು ಅಲ್ಲಿ. ಬೆಂಕಿಯಿದ್ದಲ್ಲೆಲ್ಲ ಹೊಗೆ ಎನ್ನುವವನಿಗೆ ತರ್ಕಶಾಸ್ತ್ರದವರು ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರೆ: ಬೆಂಕಿಯುಂಟು, ಹೊಗೆಯಿಲ್ಲ. ಅವನು ನೋಡಿದ ಒಲೆಗಳಲ್ಲೆಲ್ಲ ಹಸಿ ಸೌದೆಯಿತ್ತು, ಹೊಗೆ ಬಂದದ್ದು ಅದರಿಂದ. ಆ ಮರೆಯ ಷರತ್ತೇ ಉಪಾಧಿ. ನ್ಯೂಟನ್ನರ ನಿಯಮಕ್ಕೂ ಇಂಥದೊಂದು ಷರತ್ತು ಅಂಟಿಕೊಂಡಿತ್ತು. ಯುರೇನಸ್, ನೆಪ್ಚೂನ್‌ಗಳಿರುವಷ್ಟು ದೂರದಲ್ಲಿ ಸೂರ್ಯನ ಸೆಳೆತ ತೀರ ಕ್ಷೀಣ, ಅಲ್ಲಿ ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಅಂತರ ಅಳತೆಗೆ ಸಿಗದು. ಸೂರ್ಯನಿಗೆ ಅತಿ ಹತ್ತಿರದ ಬುಧನಲ್ಲಿ ಮಾತ್ರ ಅದು ಆ 43 ವಿಕಲೆಯಾಗಿ ಇಣುಕಿತು. ನಿಯಮದ ಪರ ಕೂಡಿಟ್ಟ ಸಾಕ್ಷಿಯೆಲ್ಲ ಹಸಿ ಸೌದೆಯ ಒಲೆಗಳಿಂದಲೇ ಬಂದಿತ್ತು ಎನ್ನಬಹುದು. ಯಾವ ಉಪಾಧಿಯೂ ಇಲ್ಲ ಎಂದು ಹೇಳಬೇಕಾದರೆ ಕಾಣದ್ದನ್ನೆಲ್ಲ ಕಂಡಿರಬೇಕು ಎಂಬುದು ಚಾರ್ವಾಕರ ಪಟ್ಟು.

ನೈಯಾಯಿಕರು ಸುಮ್ಮನಿರಲಿಲ್ಲ. ‘ನ್ಯಾಯಕುಸುಮಾಂಜಲಿ’ ಬರೆದ ಉದಯನರ ಉತ್ತರ ಜಾಣತನದ್ದು. ಬೇರೆ ಕಾಲದಲ್ಲಿ, ಬೇರೆ ದೇಶದಲ್ಲಿ ಈ ನಂಟು ತಪ್ಪೀತು ಎಂದು ನೀನು ಸಂಶಯಪಡುತ್ತೀಯ. ನೀನು ಕಾಣದ ಆ ಕಾಲ, ಆ ದೇಶ ಇವೆಯೆಂದು ತಿಳಿದದ್ದೇ ಊಹೆಯಿಂದಲ್ಲವೇ? ಸಂಶಯವೇ ಊಹೆಯ ಹೆಗಲೇರಿ ಕೂತಿದೆ. ಇನ್ನೊಂದು ಮಾತು: ಸಂಶಯಿಸುವವನ ನಡತೆ ಎಲ್ಲಿ ಅವನ ಸಂಶಯಕ್ಕೇ ಎದುರಾಗುತ್ತದೋ ಅಲ್ಲಿ ಸಂಶಯ ನಿಲ್ಲಬೇಕು. ಹನ್ನೆರಡನೆಯ ಶತಮಾನದ ಶ್ರೀಹರ್ಷರು ಇದನ್ನು ಉದಯನರ ಮೇಲೆಯೇ ತಿರುಗಿಸಿದರು. ನಡತೆಗೂ ಸಂಶಯಕ್ಕೂ ವಿರೋಧ ಎನ್ನಬೇಕಾದರೆ ಸಂಶಯ ಇರಲೇಬೇಕಲ್ಲ, ಅದು ನಿಂತದ್ದೆಲ್ಲಿ? ಆಮೇಲೆ ಗಂಗೇಶರು ಉದಯನರ ಪರ ನಿಂತರು: ಹೊಗೆ ಬೇಕಾದವನು ಬೆಂಕಿಯನ್ನೇ ಹುಡುಕುತ್ತಾನೆ, ಹಸಿದವನು ಊಟಕ್ಕೇ ಕೂರುತ್ತಾನೆ, ಮನಸಾರೆ ಸಂಶಯಪಡುವವನು ಹಾಗೆ ಮಾಡುವನೇ?

ಗಂಗೇಶರ ಮಾತಿಗೆ ತೂಕವಿದೆ, ಆದರೆ ಅದು ತೂಗುವುದು ನಮ್ಮನ್ನು, ಜಗತ್ತನ್ನಲ್ಲ. ನಾವು ಸಂಶಯವನ್ನೇ ಹೊತ್ತು ಬದುಕಲಾರೆವು ಎಂಬುದರಿಂದ ನಾಳೆಯ ಊಟ ಹಸಿವನ್ನು ತಣಿಸಿಯೇ ತೀರುತ್ತದೆ ಎಂದು ಸಿದ್ಧವಾಗುವುದಿಲ್ಲ. ಹ್ಯೂಮ್ ಕೂಡ ಇಲ್ಲಿಗೇ ಬಂದು, ನಮ್ಮನ್ನು ನಡೆಸುವುದು ಅಭ್ಯಾಸ, ತರ್ಕವಲ್ಲ ಎಂದು ಒಪ್ಪಿಕೊಂಡ.

ವಿಜ್ಞಾನಿಗಳು ಈ ಗಂಟನ್ನು ಬಿಚ್ಚಲು ಕಾದು ಕೂತಿಲ್ಲ. ಅವರು ಉಪಾಧಿಯನ್ನು ಬೇಟೆಯಾಡುತ್ತಾರೆ, ನಿಯಮವನ್ನು ಇನ್ನೂ ಪರೀಕ್ಷಿಸದ ಮೂಲೆಗೆ ಒಯ್ಯುತ್ತಾರೆ. 2018ರ ಮೇ ತಿಂಗಳಲ್ಲಿ ನಮ್ಮ ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿಯ ಹತ್ತಿರ ಹಾದುಹೋದ ಎಸ್2 ಎಂಬ ನಕ್ಷತ್ರವನ್ನು ಅವರು ಕಾದು ನೋಡಿದ್ದು ಅದಕ್ಕೇ. ಅಷ್ಟು ಬಲವಾದ ಸೆಳೆತದಲ್ಲಿ ಅದರ ಬೆಳಕು ಐನ್‌ಸ್ಟೈನ್ ಹೇಳಿದಂತೆಯೇ ಕೆಂಪಿನ ಕಡೆಗೆ ವಾಲಿತ್ತು. ಹಾಗೆ ಸಿಕ್ಕಬಹುದಾಗಿದ್ದ ಒಂದು ಉಪಾಧಿ ಅಲ್ಲಿ ಇಲ್ಲ ಎಂದಾಯಿತು. ಎಸ್2 ತನ್ನ ಸುತ್ತು ಮುಗಿಸಲು ಸುಮಾರು ಹದಿನಾರು ವರ್ಷ ಬೇಕು. ಅದು ಮತ್ತೆ ಅಲ್ಲಿಗೆ ಬಂದಾಗಲೂ ದೂರದರ್ಶಕಗಳು ಕಾದಿರುತ್ತವೆ.