ಹಿಮೋಗ್ಲೋಬಿನ್ 8.2: ಮುಂದೇನು?

ವಯಸ್ಕ ಗಂಡಸರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 13 ಗ್ರಾಂಗಿಂತ, ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದರ ಕಾರಣ ಹುಡುಕುವ ಕ್ರಮವನ್ನು ವಿದ್ಯಾರ್ಥಿಗಳು ಕಲಿಯುವುದು ಹೆಚ್ಚಾಗಿ ವಾರ್ಡಿನಲ್ಲಿ, ಹಿರಿಯರ ಪ್ರಶ್ನೆಗಳಿಗೆ ಸಿಕ್ಕಿಕೊಂಡು. ಅಂಥ ಒಂದು ಮಾತುಕತೆಯನ್ನು ಹೀಗೆ ಊಹಿಸಿಕೊಳ್ಳಬಹುದು.

ಹರ್ನಿಯಾ ಆಪರೇಷನ್‌ಗೆ ಬಂದ 58 ವರ್ಷದ ರೈತ. ಹಿಮೋಗ್ಲೋಬಿನ್ 8.2. "ಕಬ್ಬಿಣದ ಮಾತ್ರೆ ಶುರು ಮಾಡೋಣವೇ ಮೇಡಂ?" ಎನ್ನುತ್ತಾನೆ ವಿದ್ಯಾರ್ಥಿ.

"ಮೊದಲು ಮನುಷ್ಯ ಹೇಗಿದ್ದಾನೆ ಹೇಳು."

ಎದೆನೋವಿಲ್ಲ, ಕೂತಲ್ಲಿ ಏದುಸಿರಿಲ್ಲ, ನಾಡಿ, ಬಿಪಿ ಸರಿಯಿವೆ. ರಕ್ತ ಕೊಡುವ ತುರ್ತಿಲ್ಲವೆಂದಾಯಿತು, ಯೋಚಿಸಲು ಸಮಯವಿದೆ.

ಎರಡನೆಯ ಪ್ರಶ್ನೆ ಕೆಂಪು ಕಣದ ಗಾತ್ರದ್ದು. ರಿಪೋರ್ಟಿನಲ್ಲಿ ಎಂಸಿವಿ ಎಂದು ಬರೆದಿರುವ ಈ ಅಂಕಿ ಸಾಮಾನ್ಯವಾಗಿ 80ರಿಂದ 100ರೊಳಗೆ ಇರುತ್ತದೆ. ಹೆಚ್ಚಿದ್ದರೆ ಬಿ12 ಅಥವಾ ಫೋಲೇಟ್ ಕೊರತೆ, ಮದ್ಯಪಾನದಂಥ ಕಾರಣಗಳತ್ತ ನೋಡಬೇಕು. ಇಲ್ಲಿ 68, ಅಂದರೆ ಕಣಗಳು ಚಿಕ್ಕವು. ಇದಕ್ಕೆ ಮುಖ್ಯವಾಗಿ ಕಬ್ಬಿಣದ ಕೊರತೆ ಅಥವಾ ಹುಟ್ಟಿನಿಂದ ಬರುವ ಥಲಸೀಮಿಯಾ ಲಕ್ಷಣ ಕಾರಣ. ಥಲಸೀಮಿಯಾ ಲಕ್ಷಣವಿರುವವರಲ್ಲಿ ಕಣ ಚಿಕ್ಕದಾದರೂ ಸಂಖ್ಯೆ ಸಾಮಾನ್ಯವಾಗಿ ಕುಗ್ಗಿರುವುದಿಲ್ಲ. ಆದ್ದರಿಂದ ಎಂಸಿವಿಯನ್ನು ಕೆಂಪು ಕಣಗಳ ಎಣಿಕೆಯಿಂದ (ಮೈಕ್ರೋಲೀಟರಿಗೆ ಎಷ್ಟು ದಶಲಕ್ಷ) ಭಾಗಿಸುವ ರೂಢಿಯಿದೆ. ಇಲ್ಲಿ ಎಣಿಕೆ 3.9, ಉತ್ತರ 17ಕ್ಕೂ ಮೇಲೆ. 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ. ಇದು ಸುಳಿವು ಮಾತ್ರ; ತೀರ್ಮಾನಕ್ಕೆ ಫೆರಿಟಿನ್ ಬೇಕು.

ಫೆರಿಟಿನ್ ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ. ಅದು 6 ಎಂದು ಬರುತ್ತದೆ, ಕಣಜ ಬರಿದು. ಒಂದು ಎಚ್ಚರಿಕೆ: ಸೋಂಕು, ಉರಿಯೂತ, ಯಕೃತ್ತಿನ ಕಾಯಿಲೆಗಳಲ್ಲಿ ಫೆರಿಟಿನ್ ಏರುವುದರಿಂದ ಅಂಥವರಲ್ಲಿ "ನಾರ್ಮಲ್" ಎಂದು ಬಂದರೂ ಕೊರತೆ ಇರಬಹುದು.

"ಊಟ ಸಾಲದೇನೋ ಮೇಡಂ."

"ಈ ವಯಸ್ಸಿನ ಗಂಡಸು. ಮುಟ್ಟಿನ ರಕ್ತಸ್ರಾವವಿಲ್ಲ. ಊಟದ ಮೇಲೆ ಹಾಕುವ ಮೊದಲು ಕರುಳು ನೋಡಬೇಕು."

ಮಂಡಿನೋವಿಗೆಂದು ರೋಗಿ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದ್ದಾನೆ. ಎಂಡೋಸ್ಕೋಪಿಯಲ್ಲಿ ಜಠರದ ಒಳಪೊರೆ ಅಲ್ಲಲ್ಲಿ ಕೆಂಪಾಗಿದೆ. ಕಾರಣ ಸಿಕ್ಕಿತೆಂದು ವಿದ್ಯಾರ್ಥಿ ಹಿಗ್ಗುತ್ತಾನೆ. ಬಹಳ ಜನ ಎಡವುವುದು ಇಲ್ಲಿಯೇ. ಅಷ್ಟು ಕೆಂಪಿನಿಂದ ಕಣಜ ಬರಿದಾಗುವುದು ಅಪರೂಪ. ಹಿರಿಯ ವೈದ್ಯೆ ಕೊಲೊನೋಸ್ಕೋಪಿಯನ್ನೂ ಮಾಡಿಸುತ್ತಾರೆ. ದೊಡ್ಡ ಕರುಳು ಶುರುವಾಗುವ ಬಲಬದಿಯಲ್ಲಿ ಗಡ್ಡೆ ಕಾಣುತ್ತದೆ. ಅಲ್ಲಿ ಕರುಳು ಅಗಲ, ಮಲ ನೀರಾಗಿರುತ್ತದೆ. ಹಾಗಾಗಿ ಮಲಬದ್ಧತೆಯಾಗಲಿ ಕಣ್ಣಿಗೆ ಬೀಳುವ ರಕ್ತವಾಗಲಿ ಇಲ್ಲದೆ, ದಿನವೂ ಒಂದಿಷ್ಟು ರಕ್ತ ಸೋರುತ್ತಿರುತ್ತದೆ.

ಮಾತ್ರೆಯೂ ಬೇಕು. ಸಾಮಾನ್ಯವಾಗಿ ಮೂರು-ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರುತ್ತದೆ. ಮಟ್ಟ ಸರಿಹೋದ ಮೇಲೂ ಕಣಜ ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ಆದರೆ ಈ ರೋಗಿಗೆ ಮೊದಲ ದಿನವೇ ಮಾತ್ರೆ ಕೊಟ್ಟು ಕಳಿಸಿದ್ದರೆ ಹಿಮೋಗ್ಲೋಬಿನ್ ಒಂದಿಷ್ಟು ಏರುತ್ತಿತ್ತು, ಗಡ್ಡೆ ಒಳಗೇ ಬೆಳೆಯುತ್ತಿತ್ತು.