ಎರಡು ಸಂಖ್ಯೆಗಳ ನಡುವೆ ಅಡಗಿದ ಪೈ

8 ಮತ್ತು 15 ಎರಡೂ ಅವಿಭಾಜ್ಯ ಸಂಖ್ಯೆಗಳಲ್ಲ. ಆದರೂ 1ನ್ನು ಬಿಟ್ಟರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಯಾವುದೂ ಇಲ್ಲ. ಇಂಥ ಜೋಡಿಯನ್ನು ಸಹ ಅವಿಭಾಜ್ಯ ಎನ್ನುತ್ತಾರೆ. 8 ಮತ್ತು 12 ಹಾಗಲ್ಲ, ಎರಡನ್ನೂ 4 ಭಾಗಿಸುತ್ತದೆ. ಭಿನ್ನರಾಶಿಯ ಭಾಷೆಯಲ್ಲಿ ಹೇಳುವುದಾದರೆ 8/12ನ್ನು 2/3 ಎಂದು ಸಂಕ್ಷೇಪಿಸಬಹುದು, 8/15ನ್ನು ಇನ್ನು ಚಿಕ್ಕದು ಮಾಡಲು ಬರುವುದಿಲ್ಲ. ಹಾಗಾದರೆ ಅಂಶಕ್ಕೂ ಛೇದಕ್ಕೂ ಮನಸ್ಸಿಗೆ ಬಂದ ಪೂರ್ಣಸಂಖ್ಯೆಗಳನ್ನು ಬರೆದಾಗ, ಆ ಭಿನ್ನರಾಶಿ ಆಗಲೇ ಅತ್ಯಂತ ಸುಲಭ ರೂಪದಲ್ಲಿರುವ ಸಂಭವನೀಯತೆ ಎಷ್ಟು? ಉತ್ತರ 6/π², ಅಂದರೆ ಸುಮಾರು 0.6079. ಹತ್ತು ಜೋಡಿಗಳಲ್ಲಿ ಹೆಚ್ಚುಕಡಿಮೆ ಆರು ಜೋಡಿ ಸಹ ಅವಿಭಾಜ್ಯ. ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ π, ಭಾಗಾಕಾರದ ಈ ಲೆಕ್ಕದೊಳಗೆ ಬಂದದ್ದು ಹೇಗೆ ಎಂಬುದೇ ಇಲ್ಲಿನ ಕುತೂಹಲ.

ಮೊದಲಿಗೆ ಪ್ರಶ್ನೆಯನ್ನೇ ಸರಿಪಡಿಸಿಕೊಳ್ಳಬೇಕು. 1, 2, 3 ಎಂದು ಕೊನೆಯಿಲ್ಲದೆ ಸಾಗುವ ಸಂಖ್ಯೆಗಳ ರಾಶಿಯಿಂದ, ಪ್ರತಿಯೊಂದಕ್ಕೂ ಸಮಾನ ಅವಕಾಶವಿರುವಂತೆ ಒಂದನ್ನು ಆರಿಸಲು ಸಾಧ್ಯವೇ ಇಲ್ಲ. ಪ್ರತಿ ಸಂಖ್ಯೆಗೂ ಎಷ್ಟೇ ಸಣ್ಣ ಸಂಭವನೀಯತೆ ಕೊಟ್ಟರೂ ಎಲ್ಲವೂ ಸೇರಿದಾಗ ಮೊತ್ತ 1ನ್ನು ಮೀರಿ ಬೆಳೆಯುತ್ತದೆ. ಸೊನ್ನೆ ಕೊಟ್ಟರೆ ಮೊತ್ತವೂ ಸೊನ್ನೆಯಾಗುತ್ತದೆ. ಆದ್ದರಿಂದ 1ರಿಂದ N ವರೆಗಿನ ಸಂಖ್ಯೆಗಳನ್ನು ಮಾತ್ರ ತೆಗೆದುಕೊಂಡು, ಅವುಗಳ N × N ಜೋಡಿಗಳಲ್ಲಿ ಎಷ್ಟು ಪಾಲು ಸಹ ಅವಿಭಾಜ್ಯ ಎಂದು ಎಣಿಸಬೇಕು. N ಬೆಳೆಯುತ್ತ ಹೋದಂತೆ ಆ ಪಾಲು ಯಾವ ಬೆಲೆಯ ಕಡೆಗೆ ಸರಿಯುತ್ತದೆಯೋ ಅದನ್ನೇ ಸಂಭವನೀಯತೆ ಎಂದು ಕರೆಯುವುದು ರೂಢಿ.

N = 10 ಇರಲಿ. ಹತ್ತು ಅಡ್ಡಸಾಲು, ಹತ್ತು ಕಂಬಸಾಲುಗಳ ಚೌಕ ಬರೆದು ಒಟ್ಟು 100 ಮನೆಗಳಲ್ಲಿ ಆಯಾ ಜೋಡಿಯ ಮಹತ್ತಮ ಸಾಮಾನ್ಯ ಅಪವರ್ತನವನ್ನು, ಅಂದರೆ ಮ.ಸಾ.ಅ.ವನ್ನು, ತುಂಬಬಹುದು. ಒಂದು ಹಾಳೆಯಲ್ಲಿ ಸ್ವಲ್ಪ ಹೊತ್ತಿನಲ್ಲಿ ಮುಗಿಯುವ ಕೆಲಸ ಇದು, ಮಾಡಿ ನೋಡಲು ತಕ್ಕದ್ದು. 63 ಮನೆಗಳಲ್ಲಿ 1 ಬರುತ್ತದೆ. ಆ 63 ಜೋಡಿಗಳೇ ಸಹ ಅವಿಭಾಜ್ಯ. ಮ.ಸಾ.ಅ. 2 ಇರುವ ಮನೆಗಳು 19, 3 ಇರುವವು 7, 4 ಇರುವವು 3, 5 ಇರುವವೂ 3. ಉಳಿದ 6, 7, 8, 9, 10 ಒಂದೊಂದು ಮನೆಯಲ್ಲಿ ಮಾತ್ರ ಕಾಣುತ್ತವೆ. ಎಲ್ಲವನ್ನೂ ಕೂಡಿದರೆ ಸರಿಯಾಗಿ 100.

ಇದರಲ್ಲಿ 19 ಎಂಬ ಸಂಖ್ಯೆ ಬಂದ ಬಗೆಯನ್ನು ಗಮನಿಸಬೇಕು. ಎರಡು ಸಂಖ್ಯೆಗಳ ಮ.ಸಾ.ಅ. ಸರಿಯಾಗಿ 2 ಆಗಬೇಕಾದರೆ ಎರಡೂ ಸಮಸಂಖ್ಯೆಗಳಾಗಿರಬೇಕು, ಮತ್ತು ಎರಡನ್ನೂ ಅರ್ಧ ಮಾಡಿದ ಮೇಲೆ ಉಳಿಯುವ ಜೋಡಿ ಸಹ ಅವಿಭಾಜ್ಯವಾಗಿರಬೇಕು. 1ರಿಂದ 10ರವರೆಗಿನ ಸಮಸಂಖ್ಯೆಗಳನ್ನು ಅರ್ಧ ಮಾಡಿದರೆ 1ರಿಂದ 5 ಸಿಗುತ್ತವೆ. ಹಾಗಾಗಿ 19 ಎಂದರೆ 5 × 5ರ ಚಿಕ್ಕ ಚೌಕದಲ್ಲಿರುವ ಸಹ ಅವಿಭಾಜ್ಯ ಜೋಡಿಗಳ ಎಣಿಕೆಯೇ. ಮ.ಸಾ.ಅ. 3 ಇರುವ 7 ಮನೆಗಳು ಹೀಗೆಯೇ 3 × 3ರ ಚೌಕದಿಂದ ಬಂದವು. ದೊಡ್ಡ ಚೌಕದೊಳಗೆ ಅದೇ ಚಿತ್ರದ ಕುಗ್ಗಿದ ಪ್ರತಿಗಳು ಒಂದಾದಮೇಲೊಂದು ಕೂತಿವೆ. ಇಡೀ ವಿಷಯದ ಜೀವಾಳ ಈ ಒಂದು ಮಾತಿನಲ್ಲಿದೆ.

ಈಗ N ಬಹಳ ದೊಡ್ಡದು ಎಂದುಕೊಳ್ಳೋಣ. ಸಹ ಅವಿಭಾಜ್ಯ ಜೋಡಿಗಳ ಪಾಲನ್ನು P ಎಂದು ಕರೆಯೋಣ. ಮ.ಸಾ.ಅ. 2 ಇರುವ ಜೋಡಿಗಳು ಉದ್ದದಲ್ಲೂ ಅಗಲದಲ್ಲೂ ಅರ್ಧಕ್ಕೆ ಇಳಿದ ಚೌಕದವು. ಆ ಚೌಕದ ವಿಸ್ತಾರ ಮೂಲದ ಕಾಲುಭಾಗ, ಹಾಗಾಗಿ ಅವುಗಳ ಪಾಲು P/4. ಮ.ಸಾ.ಅ. 3 ಇರುವವುಗಳ ಪಾಲು P/9, 4 ಇರುವವುಗಳದು P/16, ಹೀಗೆ ಮುಂದಕ್ಕೆ. ಪ್ರತಿ ಜೋಡಿಗೂ ಯಾವುದಾದರೂ ಒಂದು, ಒಂದೇ ಒಂದು, ಮ.ಸಾ.ಅ. ಇದ್ದೇ ಇರುತ್ತದೆ. ಆದ್ದರಿಂದ ಈ ಪಾಲುಗಳೆಲ್ಲ ಸೇರಿ ಪೂರ್ತಿ 1 ಆಗಬೇಕು:

P × (1 + 1/4 + 1/9 + 1/16 + 1/25 + …) = 1

ಇಲ್ಲಿಂದ ಮುಂದೆ ಉಳಿಯುವುದು ಆವರಣದೊಳಗಿನ ಮೊತ್ತವನ್ನು ಕಂಡುಹಿಡಿಯುವ ಕೆಲಸ. ಸಾಮಾನ್ಯ ಅಪವರ್ತನದ ಪ್ರಶ್ನೆ ವರ್ಗಗಳ ವ್ಯುತ್ಕ್ರಮಗಳ ಮೊತ್ತದ ಪ್ರಶ್ನೆಯಾಗಿ ಮಾರ್ಪಟ್ಟಿತು.

ಆ ಮೊತ್ತಕ್ಕೆ ಸಂಭವನೀಯತೆಗಿಂತ ಹಳೆಯ ಚರಿತ್ರೆಯಿದೆ. ಇಟಲಿಯ ಪಿಯೆತ್ರೊ ಮೆಂಗೋಲಿ 1650ರಲ್ಲಿ ಅದನ್ನು ಪ್ರಶ್ನೆಯಾಗಿ ಮುಂದಿಟ್ಟರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಯಾಕೊಬ್ ಬರ್ನೂಲಿ 1689ರಲ್ಲಿ ಅದರ ಮೇಲೆ ಬರೆದು, ಉತ್ತರ ಕಂಡವರು ತಿಳಿಸಬೇಕೆಂದು ಕೇಳಿಕೊಂಡರು. ಅದು ಬಾಸೆಲ್ ಸಮಸ್ಯೆ ಎಂದೇ ಹೆಸರಾಯಿತು. ಕೈಯಲ್ಲಿ ಕೂಡುತ್ತ ಹೋದರೆ ಮೊತ್ತ ಬೇಸರ ತರಿಸುವಷ್ಟು ನಿಧಾನವಾಗಿ ಸ್ಥಿರವಾಗುತ್ತದೆ. ಹತ್ತು ಪದಗಳಿಗೆ 1.5498, ನೂರು ಪದಗಳಿಗೆ 1.6350. ನಿಜವಾದ ಬೆಲೆ 1.644934ರ ಹತ್ತಿರ. ಅದೇ ಬಾಸೆಲ್‌ನಲ್ಲಿ ಹುಟ್ಟಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೆಲಸ ಮಾಡುತ್ತಿದ್ದ ಲಿಯೊನಾರ್ಡ್ ಆಯ್ಲರ್ 1735ರಲ್ಲಿ ಅದು π²/6 ಎಂದು ತೋರಿಸಿದರು. ಆಗ ಅವರಿಗೆ 28 ವರ್ಷ.

ಆಯ್ಲರ್ ಹಿಡಿದ ದಾರಿ ಶಾಲೆಯ ಬೀಜಗಣಿತದಿಂದ ಬಹಳ ದೂರವಿಲ್ಲ. ಒಂದು ಬಹುಪದೋಕ್ತಿ ಎಲ್ಲೆಲ್ಲಿ ಸೊನ್ನೆಯಾಗುತ್ತದೆ ಎಂದು ಗೊತ್ತಿದ್ದರೆ ಅದನ್ನು ಅಪವರ್ತನಗಳ ಗುಣಲಬ್ಧವಾಗಿ ಬರೆಯಬಹುದು. ಸೈನ್ ಫಲನವನ್ನು x ನಿಂದ ಭಾಗಿಸಿ ಶ್ರೇಣಿಯಾಗಿ ಬಿಡಿಸಿದರೆ 1 − x²/6 + x⁴/120 − … ಎಂದು ಸಾಗುತ್ತದೆ. ಅದು ಸೊನ್ನೆಯಾಗುವುದು x ನ ಬೆಲೆ ±π, ±2π, ±3π ಇತ್ಯಾದಿ ಆದಾಗ. ಆದ್ದರಿಂದ ಅದನ್ನು ಹೀಗೂ ಬರೆಯಬಹುದು ಎಂದು ಆಯ್ಲರ್ ಭಾವಿಸಿದರು:

(1 − x²/π²)(1 − x²/4π²)(1 − x²/9π²) …

ಇದನ್ನು ಗುಣಿಸಿ x² ಇರುವ ಪದಗಳನ್ನು ಒಟ್ಟುಮಾಡಿದರೆ ಅದರ ಸಹಗುಣಕ −(1/π²)(1 + 1/4 + 1/9 + …). ಶ್ರೇಣಿಯಲ್ಲಿ ಅದೇ ಸಹಗುಣಕ −1/6. ಎರಡನ್ನೂ ಸಮ ಮಾಡಿದ ಕೂಡಲೇ ಮೊತ್ತ π²/6 ಎಂದು ಹೊರಬೀಳುತ್ತದೆ. ಕೊನೆಯಿಲ್ಲದ ಶ್ರೇಣಿಯನ್ನು ಬಹುಪದೋಕ್ತಿಯಂತೆ ಒಡೆಯಬಹುದೇ ಎಂದು ಸಮಕಾಲೀನರು ಆಕ್ಷೇಪಿಸಿದ್ದು ನ್ಯಾಯವೇ ಆಗಿತ್ತು. ಆಯ್ಲರ್ ಕೆಲವು ವರ್ಷಗಳಲ್ಲಿ ಬೇರೊಂದು ಸಾಧನೆಯನ್ನು ಕೊಟ್ಟರು. ಮೊದಲ ದಾರಿಗೂ 19ನೆಯ ಶತಮಾನದಲ್ಲಿ ಗಟ್ಟಿಯಾದ ತಳಹದಿ ದೊರಕಿತು. ವೃತ್ತ ಎಲ್ಲಿತ್ತು ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಸೈನ್ ವೃತ್ತದ ಸುತ್ತ ತಿರುಗುವ ಬಿಂದುವಿನ ಎತ್ತರ. ಅರ್ಧ ಸುತ್ತು ಮುಗಿದಾಗಲೆಲ್ಲ, ಅಂದರೆ ಪ್ರತಿ π ದೂರಕ್ಕೂ, ಅದು ಸೊನ್ನೆಗೆ ಮರಳುತ್ತದೆ.

ಹೀಗೆ P = 6/π² ಆಯಿತು. 1849ರಲ್ಲಿ ಜರ್ಮನಿಯ ಡಿರಿಕ್ಲೆ ಈ ಫಲಿತಾಂಶವನ್ನು ಸಿದ್ಧಪಡಿಸಿದರು. ಎಣಿಕೆಯೂ ಅದಕ್ಕೆ ಹೊಂದುತ್ತದೆ: 100ರವರೆಗಿನ 10,000 ಜೋಡಿಗಳಲ್ಲಿ 6,087, 1000ದವರೆಗಿನ ಹತ್ತು ಲಕ್ಷ ಜೋಡಿಗಳಲ್ಲಿ 6,08,383 ಸಹ ಅವಿಭಾಜ್ಯ.

ಅವಿಭಾಜ್ಯ ಸಂಖ್ಯೆಗಳ ಮೂಲಕವೂ ಇಲ್ಲಿಗೆ ಬರಬಹುದು. ಎರಡೂ ಸಂಖ್ಯೆಗಳನ್ನು 2 ಭಾಗಿಸುವ ಅವಕಾಶ ½ × ½ = ¼, ಹಾಗಾಗದಿರುವ ಅವಕಾಶ ¾. 3ಕ್ಕೆ ಸಂಬಂಧಿಸಿ 8/9, 5ಕ್ಕೆ 24/25, 7ಕ್ಕೆ 48/49. ಮೊದಲ ನಾಲ್ಕನ್ನು ಗುಣಿಸಿದಾಗಲೇ ಉತ್ತರ 0.627ಕ್ಕೆ ಇಳಿದಿರುತ್ತದೆ. ಎಲ್ಲ ಅವಿಭಾಜ್ಯಗಳನ್ನೂ ಸೇರಿಸಿದರೆ 0.6079. ಈ ಗುಣಲಬ್ಧವೂ ವರ್ಗಗಳ ಮೊತ್ತದ ವ್ಯುತ್ಕ್ರಮವೂ ಒಂದೇ ಎಂದು ಆಯ್ಲರ್ 1737ರಲ್ಲಿ ಕಂಡುಕೊಂಡಿದ್ದರು.

ಎರಡು ದಾರಿಗಳಲ್ಲೂ ಒಂದು ಸಣ್ಣ ತಪ್ಪು ಅಡಗಿದೆ. 1ರಿಂದ 10ರಲ್ಲಿ 3ರ ಗುಣಕಗಳು ಮೂರು, ಮೂರೂಮೂರನೆಯ ಒಂದಲ್ಲ. ಹೀಗೆ ಪ್ರತಿ ಹೆಜ್ಜೆಯಲ್ಲೂ ಚೂರುಪಾರು ವ್ಯತ್ಯಾಸ ಬರುತ್ತದೆ. ಹೆಜ್ಜೆಗಳು ಲೆಕ್ಕವಿಲ್ಲದಷ್ಟು ಇರುವಾಗ ಈ ಚೂರುಗಳು ಕೂಡಿ ಉತ್ತರವನ್ನೇ ಕೆಡಿಸಲಾರವೇ? ಇಲ್ಲಿ ಕೆಡಿಸುವುದಿಲ್ಲ. ಕಾರಣ, ದೊಡ್ಡ ಸಾಮಾನ್ಯ ಅಪವರ್ತನಗಳು ತೀರಾ ವಿರಳ. N ಎಷ್ಟೇ ಇರಲಿ, ಮ.ಸಾ.ಅ. 100ನ್ನು ಮೀರಿದ ಜೋಡಿಗಳೆಲ್ಲ ಸೇರಿದರೂ ನೂರರಲ್ಲಿ ಒಂದು ಪಾಲನ್ನು ತಲುಪುವುದಿಲ್ಲ. ಆದರೆ ಇದೇ ತರ್ಕವನ್ನು ಒಂಟಿ ಸಂಖ್ಯೆಗೆ ಹಚ್ಚುವಂತಿಲ್ಲ. N ನ ವರ್ಗಮೂಲದವರೆಗಿನ ಅವಿಭಾಜ್ಯಗಳಿಗೆ ½ × ⅔ × ⅘ × … ಎಂದು ಗುಣಿಸಿ N ವರೆಗೆ ಎಷ್ಟು ಅವಿಭಾಜ್ಯಗಳಿವೆ ಎಂದು ಅಂದಾಜಿಸಿದರೆ, N ಎಷ್ಟು ದೊಡ್ಡದಾದರೂ ಅಂದಾಜು ನಿಜಕ್ಕಿಂತ ಸುಮಾರು ಶೇಕಡ 12ರಷ್ಟು ಹೆಚ್ಚಾಗಿಯೇ ನಿಲ್ಲುತ್ತದೆ. ಅಲ್ಲಿ ಚೂರುಗಳು ಕೂಡಿಕೊಳ್ಳುತ್ತವೆ.

ಈ ಸಂಬಂಧವನ್ನು ತಿರುಗಿಸಿ π ನ ಬೆಲೆಯನ್ನು ಅಳೆಯಲೂಬಹುದು. 1904ರಲ್ಲಿ ಆರ್. ಚಾರ್ಟ್ರೆಸ್ ಎಂಬುವರು ಇಂಥ ಪ್ರಯೋಗವನ್ನು ಪ್ರಕಟಿಸಿದರು. 50 ವಿದ್ಯಾರ್ಥಿಗಳು ತಲಾ ಐದು ಜೋಡಿ ಸಂಖ್ಯೆಗಳನ್ನು ತೋಚಿದಂತೆ ಬರೆದರು. 250 ಜೋಡಿಗಳಲ್ಲಿ 154 ಸಹ ಅವಿಭಾಜ್ಯವಾಗಿದ್ದವು. 6/π² = 154/250 ಎಂದಿಟ್ಟರೆ π 3.12 ಆಗುತ್ತದೆ. ಇದರಲ್ಲಿ ಅದೃಷ್ಟದ ಪಾಲೂ ಇದೆ. 250 ಜೋಡಿಗಳಲ್ಲಿ 152ರ ಆಚೀಚೆ ಎಂಟರಷ್ಟು ಏರುಪೇರು ಸಹಜ. 160 ಬಂದಿದ್ದರೆ π 3.06 ಎಂದೂ, 144 ಬಂದಿದ್ದರೆ 3.23 ಎಂದೂ ಸಿಗುತ್ತಿತ್ತು. ಇನ್ನೊಂದು ತೊಡಕು ಆರಿಸುವವರ ಮನಸ್ಸಿನದು. ತೋಚಿದ ಸಂಖ್ಯೆ ಬರೆಯಿರಿ ಎಂದಾಗ ಬರೆಯುವವರು ಬೆಸಸಂಖ್ಯೆಗಳ ಕಡೆ ವಾಲಿದರೆ ಲೆಕ್ಕ ತಪ್ಪುತ್ತದೆ. ಎರಡೂ ಬೆಸವೇ ಆಗಿದ್ದರೆ 2ರ ¾ ಅಳಿದುಹೋಗಿ ಪಾಲು 8/π²ಕ್ಕೆ, ಅಂದರೆ 0.81ಕ್ಕೆ ಜಿಗಿಯುತ್ತದೆ. ಪ್ರಯೋಗ ಮಾಡುವವರು ಜೋಡಿಗಳಲ್ಲಿ ಎರಡೂ ಸಮವಾಗಿರುವವು ಕಾಲುಭಾಗದಷ್ಟಿವೆಯೇ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಮೂರು ಸಂಖ್ಯೆಗಳನ್ನು ಆರಿಸಿದಾಗ, ಮೂರಕ್ಕೂ ಸಾಮಾನ್ಯ ಅಪವರ್ತನ ಇಲ್ಲದಿರುವ ಸಂಭವನೀಯತೆಗೂ ಅದೇ ಚೌಕದ ತರ್ಕ ಸಾಕು, ಚೌಕದ ಜಾಗದಲ್ಲಿ ಘನ ಬರುತ್ತದೆ. ಉತ್ತರ 1 + 1/8 + 1/27 + … ಎಂಬ ಮೊತ್ತದ ವ್ಯುತ್ಕ್ರಮ, ಸುಮಾರು 0.83. ಈ ಮೊತ್ತ 1.2020569ರ ಹತ್ತಿರ ಇದೆ. ಅದನ್ನು ಭಿನ್ನರಾಶಿಯಾಗಿ ಬರೆಯಲಾಗದು ಎಂದು ಫ್ರಾನ್ಸಿನ ರೋಜರ್ ಅಪೆರಿ 1978ರಲ್ಲಿ ತೋರಿಸಿದರು. π ಬಳಸಿ ಅದನ್ನು ಬರೆಯುವ ಸರಳ ಸೂತ್ರ ಮಾತ್ರ ಇಂದಿಗೂ ಯಾರಿಗೂ ಸಿಕ್ಕಿಲ್ಲ.