ಮಾದರಿ ಕೇಳಿದವರಿಗೆ ಬರೆಯಬೇಕಾದ ಉತ್ತರ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಬಂದವರಿಗೆ ಕನ್ನಡ, ಮಲಯಾಳ ಎರಡರ ಬಳಕೆಯೂ ಬಾಲ್ಯದಿಂದಲೇ ಒದಗಿರುತ್ತದೆ. ಪದವಿ ಮುಗಿಸಿದ ಮೇಲೆ ಈ ಬಲವನ್ನೇ ನೆಚ್ಚಿ, ಮನೆಯಲ್ಲಿ ಕುಳಿತು ಅನುವಾದದ ಬಿಡಿ ಕೆಲಸಗಳನ್ನು ಮಾಡಲು ಹೊರಡುವವರಿದ್ದಾರೆ. ಅಂಥವರ ಕೈಗೆ ಕೆಲಸಕ್ಕಿಂತ ಮುಂಚೆ ಒಂದು ಕೋರಿಕೆ ಬರುತ್ತದೆ: ‘ಮೊದಲು ಸ್ವಲ್ಪ ಭಾಗವನ್ನು ಉಚಿತವಾಗಿ ಅನುವಾದಿಸಿ ಕಳುಹಿಸಿ, ನೋಡಿ ಹೇಳುತ್ತೇವೆ.’ ಇದಕ್ಕೆ ಏನೆಂದು ಉತ್ತರಿಸಬೇಕೆಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸಿರುವುದಿಲ್ಲ.

ಕೋರಿಕೆ ಸ್ವತಃ ಅನ್ಯಾಯವಾದುದಲ್ಲ. ಎರಡೂ ಭಾಷೆಗಳನ್ನು ಮಾತನಾಡಬಲ್ಲವರೆಲ್ಲರೂ ಅನುವಾದಿಸಬಲ್ಲವರಲ್ಲ, ಇದು ಕೆಲಸ ಕೊಡುವವರಿಗೆ ಅನುಭವದಿಂದ ತಿಳಿದ ಸಂಗತಿ. ಮಲಯಾಳದ ‘ಅವಕಾಶಂ’ ಎಂದರೆ ಹಕ್ಕು. ಅದನ್ನು ಕನ್ನಡದಲ್ಲಿ ‘ಅವಕಾಶ’ ಎಂದೇ ಬರೆದರೆ ರೋಗಿಯ ಹಕ್ಕು ಆಸ್ಪತ್ರೆಯವರು ಕೃಪೆಯಿಂದ ಕೊಟ್ಟ ಸಂದರ್ಭವಾಗಿಬಿಡುತ್ತದೆ. ‘ಅಪೇಕ್ಷ’ ಅಲ್ಲಿ ಅರ್ಜಿ, ಇಲ್ಲಿ ಬಯಕೆ. ‘ಸಂಸಾರಂ’ ಅಲ್ಲಿ ಮಾತು, ಇಲ್ಲಿ ಮನೆವಾರ್ತೆ. ಗಡಿನಾಡಿನವರೇ ಹೆಚ್ಚಾಗಿ ಎಡವುವ ಪದಗಳಿವು, ದಿನವೂ ಎರಡನ್ನೂ ಕೇಳುವ ಕಿವಿಗೆ ವ್ಯತ್ಯಾಸ ಹೊಳೆಯುವುದಿಲ್ಲ. ಆದುದರಿಂದಲೇ ಹೆಸರುಳ್ಳ ಅನುವಾದ ಸಂಸ್ಥೆಗಳು 200ರಿಂದ 300 ಪದಗಳ ಚಿಕ್ಕ ಪರೀಕ್ಷೆಯನ್ನು ಹಣ ಕೊಡದೆ ಮಾಡಿಸಿಕೊಳ್ಳುವುದುಂಟು. ಅಷ್ಟು ಬರೆದು ತಿದ್ದಲು ಸುಮಾರು ಒಂದು ಗಂಟೆ ಹಿಡಿಯುತ್ತದೆ. ಹೊಸಬರು ಒಂದು ಗಂಟೆಯನ್ನು ಹೀಗೆ ಕೊಡುವುದರಿಂದ ನಷ್ಟವಿಲ್ಲ.

ತೊಡಕು ಹುಟ್ಟುವುದು ಮಾದರಿಯ ಹೆಸರಿನಲ್ಲಿ ಕೆಲಸವನ್ನೇ ಕೇಳಿದಾಗ. ಒಂದು ಪ್ರಸಂಗವನ್ನು ಊಹಿಸಿಕೊಳ್ಳಬಹುದು. ಮಂಗಳೂರಿನ ಒಂದು ಕಚೇರಿಯವರು ಕಾಸರಗೋಡಿನ ಯುವತಿಯೊಬ್ಬಳಿಗೆ ಇ-ಮೇಲ್ ಬರೆಯುತ್ತಾರೆ. ಕೇರಳದ ಆಸ್ಪತ್ರೆಯೊಂದರ ರೋಗಿಗಳ ಕೈಪಿಡಿ ಕನ್ನಡಕ್ಕೆ ಬರಬೇಕಾಗಿದೆ. ಒಟ್ಟು 6,000 ಪದಗಳು. ಮಾದರಿಯೆಂದು 1,200 ಪದಗಳ ಒಂದು ಅಧ್ಯಾಯವನ್ನು ನಾಳೆ ಬೆಳಿಗ್ಗೆಯೊಳಗೆ ಕಳುಹಿಸಬೇಕು. ಒಪ್ಪಿಗೆಯಾದರೆ ಮುಂದಿನ ಮಾತು. ನುರಿತ ಅನುವಾದಕರು ದಿನಕ್ಕೆ 2,000 ಪದಗಳನ್ನು ಮುಗಿಸಿದರೆ ಅದು ಒಳ್ಳೆಯ ದುಡಿಮೆ. ಹಾಗಾದರೆ ಕೇಳಿರುವುದು ಅರ್ಧ ದಿನಕ್ಕೂ ಮೀರಿದ ಶ್ರಮ, ಇಡೀ ಪುಸ್ತಕದ ಐದನೆಯ ಒಂದು ಪಾಲು. ಇಂಥ ಐವರಿಗೆ ಒಂದೊಂದು ಅಧ್ಯಾಯವನ್ನು ಹಂಚಿದರೆ ಪುಸ್ತಕವೇ ಮುಗಿಯಿತು!

ಹಾಗೆ ಹಂಚಿದ್ದಾರೆಯೇ ಎಂಬುದನ್ನು ಹೊರಗಿನಿಂದ ಖಚಿತವಾಗಿ ಹೇಳಲು ಬರುವುದಿಲ್ಲ. ಗುಮಾನಿಗೆ ಎಡೆಗೊಡುವ ಗುರುತುಗಳು ಮಾತ್ರ ಉಂಟು. ಕಳುಹಿಸಿದ ಪಠ್ಯ ನಡುವಿನ ಪುಟಸಂಖ್ಯೆಯಿಂದ ಆರಂಭವಾಗುವುದು, ಕಡತದ ಹೆಸರಿನಲ್ಲಿಯೇ ‘ಭಾಗ 3’ ಎಂದಿರುವುದು, ಪರೀಕ್ಷೆಗೆ ಅಗತ್ಯವಿಲ್ಲದಂಥ ಅವಸರ, ದರದ ಬಗ್ಗೆ ಒಂದಕ್ಷರವೂ ಇಲ್ಲದಿರುವುದು. ಆದರೂ ಉತ್ತರದಲ್ಲಿ ಆರೋಪದ ಧಾಟಿ ಸಲ್ಲದು. ಎದುರಿನವರು ಪ್ರಾಮಾಣಿಕರಾಗಿದ್ದು, ಎಷ್ಟು ಕೇಳಬೇಕೆಂಬ ಅಂದಾಜು ಮಾತ್ರ ಇಲ್ಲದವರಾಗಿರಬಹುದು. ಯುವತಿಯ ಉತ್ತರ ಹೀಗಿದ್ದರೆ ಸಾಕು:

‘ಮಾನ್ಯರೇ, ಕೈಪಿಡಿಯ ಅನುವಾದಕ್ಕೆ ನನ್ನನ್ನು ಪರಿಗಣಿಸಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಮಲಯಾಳದಿಂದ ಕನ್ನಡಕ್ಕೆ ನಾನು ಮಾಡಿದ ಎರಡು ಅನುವಾದಗಳನ್ನು ಮೂಲದೊಂದಿಗೆ ಲಗತ್ತಿಸಿದ್ದೇನೆ. ತಮ್ಮ ಪಠ್ಯದಲ್ಲಿಯೇ ಪರೀಕ್ಷಿಸುವುದು ಅವಶ್ಯವೆನಿಸಿದರೆ, ರೋಗಿಯ ಹಕ್ಕುಗಳನ್ನು ಕುರಿತ ಮೊದಲ 250 ಪದಗಳನ್ನು ಉಚಿತವಾಗಿ ಅನುವಾದಿಸಿ ಗುರುವಾರ ಸಂಜೆಯೊಳಗೆ ಕಳುಹಿಸುತ್ತೇನೆ. ಅಧ್ಯಾಯ ಪೂರ್ತಿಯಾಗಿ ಬೇಕಿದ್ದಲ್ಲಿ, ಮೂಲದ ಪದವೊಂದಕ್ಕೆ 2 ರೂಪಾಯಿಯಂತೆ 2,400 ರೂಪಾಯಿ ಆಗುತ್ತದೆ. ಇಡೀ ಕೆಲಸವನ್ನು ನನಗೇ ವಹಿಸಿದರೆ ಈ ಮೊತ್ತವನ್ನು ಒಟ್ಟು 12,000 ರೂಪಾಯಿಯಲ್ಲಿ ಕಳೆದುಕೊಳ್ಳಬಹುದು. ಉಚಿತ ಮಾದರಿಯು ಪರಿಶೀಲನೆಗಾಗಿ ಮಾತ್ರ. ಒಪ್ಪಂದವಾಗುವ ಮುನ್ನ ಅದನ್ನು ಮುದ್ರಿಸಬಾರದೆಂದು ವಿನಂತಿ. ತಮ್ಮ ಉತ್ತರವನ್ನು ಎದುರುನೋಡುತ್ತೇನೆ.’

ಈ ಪತ್ರದಲ್ಲಿ ‘ಆಗುವುದಿಲ್ಲ’ ಎಂಬ ಮಾತು ಎಲ್ಲಿಯೂ ಇಲ್ಲ. ಕೇಳಿದ್ದನ್ನು ನಿರಾಕರಿಸುವ ಬದಲು ಮೂರು ದಾರಿಗಳನ್ನು ತೆರೆದಿಟ್ಟಿದೆ, ಮೂರರಲ್ಲಿಯೂ ಆಕೆಗೆ ಹಾನಿಯಿಲ್ಲ. 250 ಪದಗಳ ಭಾಗವನ್ನು ಆಕೆಯೇ ಆರಿಸಿಕೊಂಡಿರುವುದನ್ನೂ ಗಮನಿಸಬೇಕು. ಆಸ್ಪತ್ರೆಯ ವಿಳಾಸ, ಸಂದರ್ಶನದ ವೇಳೆ ಇರುವ ಪುಟವನ್ನು ಯಾರು ಬೇಕಾದರೂ ಕನ್ನಡಿಸಬಹುದು. ‘ಅವಕಾಶಂ’, ‘ಅಪೇಕ್ಷ’ಗಳು ಸಾಲುಸಾಲಾಗಿ ಬರುವ ಹಕ್ಕುಗಳ ಅಧ್ಯಾಯದಲ್ಲಿಯೇ ಅನುವಾದಕಿಯ ಬೆಲೆ ಕಾಣಬೇಕು. ಮಾದರಿಯ ಕೆಳಗೆ ಎರಡು ಸಾಲಿನ ಟಿಪ್ಪಣಿ ಬರೆದು, ಯಾವ ಪದವನ್ನು ಏಕೆ ಹೀಗೆ ಮಾಡಿದೆನೆಂದು ತಿಳಿಸಿದರೆ, ಮಲಯಾಳ ಬಾರದ ಕಚೇರಿಯವರಿಗೂ ಕೆಲಸದ ಗುಣ ಅರ್ಥವಾಗುತ್ತದೆ.

‘ಮೂಲದ ಪದವೊಂದಕ್ಕೆ’ ಎಂಬ ಮಾತನ್ನೂ ಬಿಡುವಂತಿಲ್ಲ. ಕನ್ನಡದಲ್ಲಿ ವಿಭಕ್ತಿಗಳೂ ಸಂಧಿ ಸಮಾಸಗಳೂ ಪದಕ್ಕೇ ಅಂಟಿಕೊಳ್ಳುವುದರಿಂದ, ವಿಶೇಷವಾಗಿ ಇಂಗ್ಲಿಷಿನಿಂದ ಬಂದಾಗ, ಪದಗಳ ಎಣಿಕೆ ಗಣನೀಯವಾಗಿ ಇಳಿಯುತ್ತದೆ. ಯಾವ ಭಾಷೆಯ ಪದಗಳನ್ನು ಎಣಿಸುವುದೆಂದು ಮೊದಲೇ ಬರೆಯದಿದ್ದರೆ ಬಿಲ್ಲಿನ ಹೊತ್ತಿಗೆ ಜಗಳ.

ಮುದ್ರಿಸಬಾರದೆಂಬ ವಿನಂತಿಗೆ ಕಾನೂನಿನ ಆಧಾರವಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ, ಸಂಬಳಕ್ಕಿದ್ದು ಬರೆದದ್ದಲ್ಲದಿದ್ದರೆ, ಬರವಣಿಗೆಯ ಮೊದಲ ಹಕ್ಕುದಾರರು ಸಾಮಾನ್ಯವಾಗಿ ಬರೆದವರೇ. ಅನುವಾದಕ್ಕೂ ಈ ರಕ್ಷಣೆ ಉಂಟು. ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದು ಲಿಖಿತ ರೂಪದಲ್ಲಿಯೇ ಆಗಬೇಕೆಂದು ಅದೇ ಕಾಯಿದೆಯ 19ನೆಯ ಸೆಕ್ಷನ್ ಹೇಳುತ್ತದೆ. ನಾಲ್ಕು ಪುಟಗಳಿಗಾಗಿ ನ್ಯಾಯಾಲಯದ ಮೆಟ್ಟಲು ಹತ್ತುವವರಿಲ್ಲ, ನಿಜ. ಆ ಒಂದು ವಾಕ್ಯದ ಉಪಯೋಗ ಎಚ್ಚರಿಕೆಯಷ್ಟೇ. ಮಾದರಿಯನ್ನು ತಿದ್ದಬಹುದಾದ ಕಡತಕ್ಕೆ ಬದಲು ಪಿಡಿಎಫ್ ರೂಪದಲ್ಲಿ ಕಳುಹಿಸುವುದೂ ಇದೇ ಬಗೆಯ ಎಚ್ಚರಿಕೆ. ಪಿಡಿಎಫ್‌ನಿಂದ ನಕಲಿಸಿದ ಕನ್ನಡ ಅನೇಕ ವೇಳೆ ಒತ್ತಕ್ಷರಗಳಲ್ಲಿ ಒಡೆದುಹೋಗುತ್ತದೆ. ಬೇರೆ ಸಮಯದಲ್ಲಿ ಪೀಡೆಯೆನಿಸುವ ಈ ದೋಷ ಇಲ್ಲಿ ಅಲ್ಪಸ್ವಲ್ಪ ಕಾವಲಾಗುತ್ತದೆ.

ಲಗತ್ತಿಸಲು ಹಳೆಯ ಅನುವಾದಗಳೇ ಇಲ್ಲದವರೇನು ಮಾಡಬೇಕು? ಯಾರೂ ಕೇಳುವುದಕ್ಕೆ ಮುಂಚೆಯೇ ಎರಡು ಮೂರನ್ನು ತಾವಾಗಿಯೇ ಸಿದ್ಧಪಡಿಸಿಟ್ಟುಕೊಳ್ಳಬೇಕು. ಪಂಚಾಯತಿನ ಸಾರ್ವಜನಿಕ ಪ್ರಕಟಣೆ, ಆರೋಗ್ಯ ಇಲಾಖೆಯ ಕರಪತ್ರ ಮುಂತಾದವುಗಳಿಂದ ಒಂದೊಂದು ಪುಟವನ್ನು ಆಯ್ದು, ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕದಲ್ಲಿಟ್ಟು, ಇದು ಅಭ್ಯಾಸಕ್ಕಾಗಿ ಮಾಡಿದ್ದೆಂದು ನಮೂದಿಸಿದರೆ ಯಾರೂ ಆಕ್ಷೇಪಿಸಲಾರರು. ಇತರರ ಖಾಸಗಿ ದಾಖಲೆಯನ್ನು ಅನುವಾದಿಸಿದ್ದರೆ ಅದನ್ನು ಮಾತ್ರ ಮಾದರಿಯಾಗಿ ತೋರಿಸಕೂಡದು. ಒಬ್ಬರ ಆಸ್ತಿಪತ್ರವನ್ನು ಇನ್ನೊಬ್ಬರಿಗೆ ತೋರಿಸುವವರ ಕೈಗೆ ಆಸ್ಪತ್ರೆಯವರು ರೋಗಿಯ ಕಾಗದಗಳನ್ನು ಕೊಡುವುದಿಲ್ಲ.

ಪತ್ರ ತಲಪಿದ ಮೇಲೆ ಬರುವ ಉತ್ತರದಲ್ಲಿ ಮುಂದಿನ ದಾರಿ ಬಹುಪಾಲು ತಿಳಿಯುತ್ತದೆ. ‘250 ಪದ ಸಾಕು’ ಎಂದರೆ ಗುರುವಾರದ ಮಾತನ್ನು ಗುರುವಾರವೇ ಉಳಿಸಿಕೊಳ್ಳಬೇಕು, ಮಾದರಿಯ ತೂಕದಲ್ಲಿ ವೇಳೆಪಾಲನೆಯೂ ಸೇರಿರುತ್ತದೆ. ದರದ ಬಗ್ಗೆ ಚೌಕಾಸಿ ನಡೆಸಿದರೆ ಅವರಿಗೆ ಕೆಲಸ ನಿಜವಾಗಿಯೂ ಬೇಕಾಗಿದೆ ಎಂದರ್ಥ. ‘ಉಳಿದವರೆಲ್ಲ ಉಚಿತವಾಗಿಯೇ ಮಾಡಿಕೊಟ್ಟಿದ್ದಾರೆ’ ಎಂಬ ಉತ್ತರ ಬಂದರೆ ಆ ‘ಉಳಿದವರೆಲ್ಲ’ ಯಾವ ಯಾವ ಅಧ್ಯಾಯಗಳನ್ನು ಮಾಡಿಕೊಟ್ಟರೋ ಎಂಬ ಸಂಶಯ ತಾನಾಗಿಯೇ ಮೂಡುತ್ತದೆ, ಅಂಥವರಿಗೆ ಒಂದು ಸಾಲಿನ ವಂದನೆ ಸಾಕು. ಉತ್ತರವೇ ಬಾರದಿದ್ದಲ್ಲಿ ವಾರ ಕಳೆದ ಮೇಲೆ ಒಮ್ಮೆ ವಿಚಾರಿಸಬಹುದು. ಆಗಲೂ ಮೌನವಾದರೆ ಆ 1,200 ಪದಗಳು ಅವರ ಕಡತದಲ್ಲಿ ಮಲಯಾಳದಲ್ಲಿಯೇ ಉಳಿದಿರುತ್ತವೆ. ಯುವತಿಯ ಅರ್ಧ ದಿನ ಅವಳ ಬಳಿಯೇ ಉಳಿದಿರುತ್ತದೆ.